ಮೀಥೈಲ್‌ಗೆ ಬಿದ್ದ ಸೊನ್ನೆ

ಶ್ರೀರಂಗಯ್ಯ ಸರ್ ನನ್ನ ಉತ್ತರಪತ್ರಿಕೆಯ ಮೇಲೆ ಹಾಕಿದ ಸೊನ್ನೆ ನೋಡಿದಾಗ ನನಗೆ ಅಳು ಬರಲಿಲ್ಲ, ಮೈ ಉರಿಯಿತು. ತಿಪಟೂರಿನ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಅವರು. ಇಪ್ಪತ್ತೆರಡು ವರ್ಷದಿಂದ ಒಂದೇ ನೋಟ್ಸು ಓದಿ ಬರೆಸುತ್ತಿದ್ದಾರೆ. ಅದರಲ್ಲಿ ಒಂದು ಸಾಲಿದೆ: ಅಣುವಿನಲ್ಲಿ ಫೀನೈಲ್ ಗುಂಪು ಇದ್ದರೆ ಯಾವಾಗಲೂ ಫೀನೈಲೇ ಪಕ್ಕದ ಕಾರ್ಬನ್‌ಗೆ ಜಿಗಿಯುತ್ತದೆ.

ಪ್ರಶ್ನೆ ಇಷ್ಟೇ. ಅಕ್ಕಪಕ್ಕದ ಎರಡು ಕಾರ್ಬನ್, ಎರಡರ ಮೇಲೂ ಒಂದೊಂದು ಓಎಚ್. ಒಂದು ಕಾರ್ಬನ್‌ಗೆ ಎರಡು ಫೀನೈಲ್, ಇನ್ನೊಂದಕ್ಕೆ ಎರಡು ಮೀಥೈಲ್. ಆಸಿಡ್ ಹಾಕಿದರೆ ಯಾವ ಕೀಟೋನ್? ಕ್ಲಾಸಿನ ಮೂವತ್ತೆಂಟು ಜನ ಫೀನೈಲ್ ಜಿಗಿಯುತ್ತದೆ ಎಂದು ಬರೆದರು. ನಾನೊಬ್ಬಳು ಮೀಥೈಲ್ ಎಂದು ಬರೆದೆ.

ಎದ್ದು ನಿಂತು ಕೇಳಿದೆ. "ಸರ್, ಮೊದ್ಲು ಓಎಚ್ ನೀರಾಗಿ ಯಾವ ಕಾರ್ಬನ್ನಿಂದ ಹೋಗುತ್ತೆ ಅಂತ ನೋಡ್ಬೇಕಲ್ವಾ? ಎರಡು ಫೀನೈಲ್ ಇರೋ ಕಡೆ ಪ್ಲಸ್ ಚಾರ್ಜ್ ಗಟ್ಟಿಯಾಗಿ ನಿಲ್ಲುತ್ತೆ, ನೀರು ಅಲ್ಲಿಂದ್ಲೇ ಹೋಗುತ್ತೆ. ಫೀನೈಲ್ ಎರಡೂ ಆಗ್ಲೇ ಅಲ್ಲೇ ಕೂತವೆ. ಪಕ್ಕದ ಕಾರ್ಬನ್‌ನಿಂದ ಬರಕ್ಕೆ ಇರೋದು ಬರೀ ಮೀಥೈಲ್."

"ನೀನು ನನಗೆ ಪಾಠ ಮಾಡ್ತೀಯೇನಮ್ಮ?" ಎಂದರು. "ತಪ್ಪಾಯ್ತು ಅಂತ ಬರ್ಕೊಡು. ಅಲ್ಲಿವರೆಗೂ ನಿನ್ನ ರೆಕಾರ್ಡಿಗೆ ಸಹಿ ಇಲ್ಲ."

ಲ್ಯಾಬಿನ ರೆಕಾರ್ಡ್ ಪುಸ್ತಕಕ್ಕೆ ಸಹಿ ಇಲ್ಲದಿದ್ದರೆ ಸೋಮವಾರದ ಪ್ರಾಯೋಗಿಕ ಪರೀಕ್ಷೆಗೆ ಕೂರುವಂತಿಲ್ಲ. ಮೂರು ವರ್ಷ ದಂಡಿನಶಿವರದಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದು ಹೊಳೆಗೆ ಹಾಕಿದಂತೆ. ಪಕ್ಕದಲ್ಲಿ ಕೂತ ಮೀನಾ ನನ್ನ ದುಪಟ್ಟಾ ಎಳೆದು, "ಬರ್ಕೊಟ್ ಬುಡೇ ಯೋಗಿತಾ" ಎಂದಳು. ನಾನು ಬರೆದುಕೊಡಲಿಲ್ಲ. ತಪ್ಪು ಮಾಡಿದ್ದರೆ ತಾನೇ ಬರೆಯೋದು?

"ಮಾಡಿ ತೋರಿಸ್ತೀನಿ ಸರ್" ಎಂದೆ.

ಪ್ರಶ್ನೆಯಲ್ಲಿದ್ದ ಆ ಎರಡು ಓಎಚ್‌ನ ವಸ್ತು, ಅಂದರೆ ಡಯಾಲ್, ಲ್ಯಾಬಿನ ಕಪಾಟಿನಲ್ಲೇ ಇತ್ತು, ಹಿಂದೆ ಯಾರೋ ಸಂಶೋಧನೆಗೆಂದು ಮಾಡಿಟ್ಟ ಬಾಟಲಿ. ಶುಕ್ರವಾರ ಎಲ್ಲರ ಎದುರು ಮಂಜುಗಡ್ಡೆಯಲ್ಲಿಟ್ಟ ಗಾಢ ಸಲ್ಫ್ಯೂರಿಕ್ ಆಸಿಡ್‌ಗೆ ಅದನ್ನು ಸ್ವಲ್ಪಸ್ವಲ್ಪವೇ ಹಾಕಿದೆ. ಆಮೇಲೆ ಪುಡಿ ಐಸಿನ ಮೇಲೆ ಸುರಿದೆ. ಬಂದ ಬಿಳಿ ಗಟ್ಟಿ ವಸ್ತುವನ್ನು ತಣ್ಣೀರಿನಲ್ಲಿ ನಾಲ್ಕು ಸಲ ತೊಳೆದೆ. ಮೀಥೈಲ್ ಜಿಗಿದಿದ್ದರೆ ಅದು ಮೀಥೈಲ್ ಕೀಟೋನ್, ಅಯೋಡೋಫಾರ್ಮ್ ಪರೀಕ್ಷೆಗೆ ಹಳದಿ ಬರಬೇಕು. ಫೀನೈಲ್ ಜಿಗಿದಿದ್ದರೆ ಬರಬಾರದು. ಇದಕ್ಕೆ ಸರ್ ಕೂಡ ತಲೆಯಾಡಿಸಿದರು.

ಗಾಜಿನ ನಳಿಕೆಯಲ್ಲಿ ಕರಗಿಸಲು ಡಯಾಕ್ಸೇನ್, ನನ್ನ ವಸ್ತು, ಕ್ಷಾರ, ಅಯೋಡಿನ್. ಬಿಸಿನೀರಿನಲ್ಲಿ ಇಟ್ಟೆ. ಹಳದಿ ಬಂತು, ಆಸ್ಪತ್ರೆಯ ವಾಸನೆಯೂ ಬಂತು. ನನಗೆ ಕುಣಿಯುವಷ್ಟು ಖುಷಿ.

ಸರ್ ಇನ್ನೊಂದು ನಳಿಕೆ ತೆಗೆದುಕೊಂಡು ನನ್ನ ವಸ್ತುವೊಂದನ್ನು ಬಿಟ್ಟು ಉಳಿದದ್ದೆಲ್ಲ ಹಾಕಿದರು. ಅದೂ ಹಳದಿ ಆಯಿತು.

ಇಡೀ ಕ್ಲಾಸು ಕಿಸಕ್ಕೆಂದಿತು. ಸರ್ ಅಟೆಂಡರ್ ಕರಿಯಪ್ಪನ ಕಡೆ ತಿರುಗಿ, "ನಳಿಕೆ ಯಾತರಲ್ಲಿ ತೊಳ್ದೆ ಕರಿಯಪ್ಪ?" ಎಂದರು.

"ಅಸಿಟೋನ್ ಸಾರ್. ಬೇಗ ಒಣಗ್ತದಲ್ಲ, ಯಾವಾಗ್ಲೂ ಹಂಗೇಯ."

ಅಸಿಟೋನೇ ಒಂದು ಮೀಥೈಲ್ ಕೀಟೋನ್. ಒಂದು ತೊಟ್ಟು ಉಳಿದರೂ ಹಳದಿ ಬರುತ್ತದೆ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲವಲ್ಲ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ತಗೋ, ಹಾಳೆ" ಎಂದು ಸರ್ ಒಂದು ಬಿಳಿಹಾಳೆ ನನ್ನ ಮುಂದೆ ತಳ್ಳಿದರು. "ತಪ್ಪಾಯ್ತು ಅಂತ ಬರಿ."

ಹಾಳೆ ಮುಟ್ಟಲಿಲ್ಲ. ಹೊಸ ನಳಿಕೆ ಎರಡು ತೆಗೆದು ಬರೀ ನೀರಿನಲ್ಲಿ ತೊಳೆದು ಓವನ್‌ನಲ್ಲಿ ಒಣಗಿಸಿದೆ. ಅರ್ಧ ಗಂಟೆ ಯಾರೂ ಮನೆಗೆ ಹೋಗಲಿಲ್ಲ, ನನ್ನ ಮಾನ ಹೋಗುವುದನ್ನು ನೋಡಲು ಕಾದರು. ನಳಿಕೆಗಳು ತಣ್ಣಗಾದ ಮೇಲೆ ಎರಡಕ್ಕೂ ಎಲ್ಲ ಒಂದೇ ಅಳತೆ. ಒಂದಕ್ಕೆ ಮಾತ್ರ ನನ್ನ ವಸ್ತು.

ವಸ್ತು ಇಲ್ಲದ್ದು ತಿಳಿಯಾಗಿ ಉಳಿಯಿತು. ಇನ್ನೊಂದರಲ್ಲಿ ನಿಧಾನವಾಗಿ ಹಳದಿ ಪುಡಿ ತಳಕ್ಕಿಳಿಯಿತು.

ಸರ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಮುಖ ಕಪ್ಪಿಟ್ಟಿತು. ನನ್ನ ರೆಕಾರ್ಡು ಎಳೆದುಕೊಂಡು ಹಾಳೆ ಹರಿಯುವ ಹಾಗೆ ಒತ್ತಿ ಸಹಿ ಹಾಕಿ ಮೇಜಿನ ಮೇಲೆ ಎಸೆದರು.

"ಮಾರ್ಕ್ಸು ಸರ್?" ಎಂದೆ.

"ಪರೀಕ್ಷೆಗೆ ಕೂರಕ್ಕೆ ಬಿಟ್ಟಿದೀನಲ್ಲ, ಸಾಲ್ದಾ? ಹೋಗು."

ಮರುದಿನ ತರಗತಿಯಲ್ಲಿ ಪುನರಾವರ್ತನೆ. ಸರ್ ನೋಟ್ಸು ತೆರೆದು ಒಂದೊಂದೇ ಸಾಲು ಬರೆಸುತ್ತಾ ಬಂದರು. ಡಯಾಲಿನ ಪುಟಕ್ಕೆ ಬಂದಾಗ ನಿಂತರು. ನಾನು ಪೆನ್ನು ಹಿಡಿದು ಅವರ ಬಾಯನ್ನೇ ನೋಡುತ್ತಿದ್ದೆ. ತಿದ್ದಬೇಕಾದದ್ದು ಒಂದೇ ಸಾಲು.

"ಈ ಪುಟ ಬಿಟ್ಬಿಡಿ" ಎಂದರು. "ಇದು ಪರೀಕ್ಷೆಗೆ ಬರಲ್ಲ."

ಮೂವತ್ತೆಂಟು ಜನ ಒಟ್ಟಿಗೆ ಪುಟ ತಿರುವಿದರು.