ಜೀರಿಗೆ ಮಿಡಿಗೆ ಕಾದವರು

ಸಾಗರದ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮಹಡಿ ಮೇಲೆ ಕೂತು ನಾನು ಮಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸುವ ಕೆಲಸ. ಬೋರ್ಡಿನ ಮೇಲೆ ಮಾತ್ರ ‘ವೆಬ್‌ಸೈಟ್ ಮಾಡಿಕೊಡಲಾಗುವುದು’ ಎಂದು ಬರೆದಿದೆ. ಬರುವ ಕೋಣಗಳಲ್ಲಿ ಕೆಲವು ಬಡಪಾಯಿಗಳು, ಕೆಲವು ಅಧ್ಯಕ್ಷರು. ಅಧ್ಯಕ್ಷರಾದ ಕೋಣಗಳ ಬಗ್ಗೆ ನನಗೆ ಎಳ್ಳಷ್ಟೂ ಕನಿಕರವಿಲ್ಲ.

ಸುಬ್ಬರಾಯ ಮಾವ ಹೊಸನಗರದ ಮಿಡಿ ಬೆಳೆಗಾರರ ಸಂಘದ ಅಧ್ಯಕ್ಷ. ದೂರದ ಸಂಬಂಧ, ಹತ್ತಿರದ ಕಾಟ. ಸಂಘಕ್ಕೆ ಒಂದು ವೆಬ್‌ಸೈಟ್ ಬೇಕು, ಅದರಲ್ಲಿ ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿ ಮಾವಿನ ಕಸಿ ಗಿಡಗಳನ್ನು ಮುಂಗಡ ಬುಕಿಂಗ್ ಮೇಲೆ ಮಾರಬೇಕು ಎಂದು ಬಂದರು. ಬಂದದ್ದು ಒಳ್ಳೆಯದೇ. ಏಕೆಂದರೆ ಈ ವಿಷಯದಲ್ಲಿ ಒಬ್ಬಳ ಬದುಕು ಸಿಕ್ಕಿಕೊಂಡಿತ್ತು.

ಅವಳು ನಿಟ್ಟೂರಿನ ಹೂವಮ್ಮ. ಸಂಘಕ್ಕೆ ಕಸಿ ಕಟ್ಟಿಕೊಡುವವಳು. ಅವಳ ಗದ್ದೆಯ ಅಂಚಿನಲ್ಲಿ, ಹಳ್ಳದ ದಂಡೆಯ ಮೇಲೆ ಒಂದು ಜೀರಿಗೆ ಮಿಡಿಯ ಮರ. ಮಿಡಿಯ ತೊಟ್ಟು ಮುರಿದರೆ ಕೈಗೆ ಅಂಟಿದ ಸೊನೆ ಮೂರು ದಿನ ಜೀರಿಗೆಯ ಹಾಗೆ ಘಮ್ಮೆನ್ನುತ್ತಿತ್ತು. ಗಂಡ ತೀರಿಕೊಂಡ ಮೇಲೆ ಪ್ರತಿ ವರ್ಷ ಆ ಮರದ ಮಿಡಿಯೇ ಅವಳ ಅನ್ನ. ಆದರೆ ಜಮೀನು ಇನ್ನೂ ಪಾಲಾಗಿರಲಿಲ್ಲ. ಗಂಡನ ಅಣ್ಣ ಬೆಳ್ಳಪ್ಪ ಮರವನ್ನು ಕಡಿಸಿ ನಾಟಾಕ್ಕೆ ಕೊಡಲು ತುದಿಗಾಲಲ್ಲಿ ನಿಂತಿದ್ದ. ಸಂಘದವರು ಹೋಗಿ ಹೇಳಿದ ಮೇಲೆ, “ಈ ಮರದ ಗಿಡಕ್ಕೆ ಗಿರಾಕಿ ಇದ್ದಾರೆ ಅಂತ ತೋರ್ಸಿ, ಮರ ಮುಟ್ಟಲ್ಲ” ಎಂದು ಒಪ್ಪಿಕೊಂಡಿದ್ದ.

ವೆಬ್‌ಸೈಟ್ ಎಂದರೆ ಒಂದು ದಿನದ ಮಾತಲ್ಲ. ಗಿಡಗಳ ಫೋಟೋ ಬೇಕು, ದರ ಬೇಕು, ಹಣ ಕಟ್ಟುವ ವ್ಯವಸ್ಥೆ ಬ್ಯಾಂಕಿನಿಂದ ಆಗಬೇಕು. ನಿರ್ದೇಶಕರು ಇದರಲ್ಲಿ ಯಾವುದನ್ನೂ ಕೊಡದೆ ತಮ್ಮ ತಮ್ಮ ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಮಾತ್ರ ತುರ್ತಾಗಿ ಕಳಿಸಿದರು. ಅಲ್ಲಿಯವರೆಗೆ ವಿಳಾಸ ಖಾಲಿ ಬಿದ್ದಿರುವುದು ಬೇಡವೆಂದು ನಾನು ಒಂದೇ ಒಂದು ಪುಟ ಹಾಕಿದೆ. ಮೇಲೆ ಜೀರಿಗೆ ಮಿಡಿಯ ಗೊಂಚಲು. ಕೆಳಗೆ, ‘ಸದ್ಯದಲ್ಲೇ ಬರಲಿದ್ದೇವೆ. ಬುಕಿಂಗ್ ಶುರುವಾದ ದಿನ ನಿಮಗೊಂದು ಮೇಲ್ ಹಾಕುತ್ತೇವೆ.’ ಅದರ ಕೆಳಗೆ ಇಮೇಲ್ ಬರೆಯಲು ಒಂದು ಖಾನೆ, ಒತ್ತಲು ಒಂದು ಗುಂಡಿ.

ಯಾರೇ ಇಮೇಲ್ ಬರೆದರೂ ಅವರಿಗೆ ತಕ್ಷಣ ಒಂದು ಮೇಲ್ ಹೋಗುತ್ತಿತ್ತು. ಅದರಲ್ಲಿರುವ ಕೊಂಡಿ ಒತ್ತಿ ‘ಹೌದು, ಇದು ನಾನೇ’ ಎಂದರೆ ಮಾತ್ರ ಅವರ ಹೆಸರು ಲೆಕ್ಕಕ್ಕೆ. ಪುಟಕ್ಕೆ ತಿಳಿಯುವುದು ಇಷ್ಟೇ: ಬರೆದದ್ದು ಇಮೇಲ್‌ನ ಆಕಾರದಲ್ಲಿದೆಯೋ ಇಲ್ಲವೋ. ಆ ವಿಳಾಸದ ಮನೆಯಲ್ಲಿ ಜನ ಇದ್ದಾರೋ, ಜೇಡ ಇದೆಯೋ, ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಈ ಎರಡನೆಯ ಬಾಗಿಲು.

ಮೊದಲ ಕೆಲವು ವಾರಗಳಲ್ಲಿ ಮೂವತ್ತೆಂಟು ಜನ ಆ ಬಾಗಿಲು ದಾಟಿ ಬಂದರು. ಶಿರಸಿಯವರು, ಮೈಸೂರಿನವರು, ಕಾಸರಗೋಡಿನ ಒಬ್ಬ ಮೇಷ್ಟ್ರು. ಕೆಲವರು ಆ ಮೇಲ್‌ಗೆ ಉತ್ತರವನ್ನೂ ಬರೆದಿದ್ದರು: ಎರಡು ಗಿಡ ಸಿಗಬಹುದಾ, ಘಟ್ಟದ ಕೆಳಗೆ ಬದುಕುತ್ತದಾ ಎಂದು. ಹೂವಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳ ಸಂತೋಷ ನೋಡಬೇಕಿತ್ತು, ಕೇಳಿದ್ದಷ್ಟೇ ಸಿಕ್ಕಿತು.

ಸುಬ್ಬರಾಯ ಮಾವ ಮಾತ್ರ ಮಹಡಿ ಹತ್ತಿ ಬಂದು, ಪರದೆ ನೋಡಿ, ಹಳಸಿದ ಸಾರು ಕುಡಿದವರ ಹಾಗೆ ಮುಖ ಮಾಡಿದರು.

“ಎಂತದೇ ಇದು ವಾಗ್ದೇವಿ, ಮೂವತ್ತೆಂಟು? ಎಂಗಳ ಮನೆ ಸತ್ಯನಾರಾಯಣ ಕಥೆಗೆ ಇದಕ್ಕಿಂತ ಹೆಚ್ಚು ಜನ ಬತ್ತ.”

“ಕಥೆಗೆ ಬಪ್ಪವು ಪ್ರಸಾದಕ್ಕೆ ಬತ್ತ ಮಾವ. ಇವು ದುಡ್ಡು ಕೊಟ್ಟು ಗಿಡ ತಗಳಲೆ ಕಾಯ್ತಾ ಇದ್ದ. ಹೌದು ಹೇಳಿ ಒತ್ತಿ ಒಪ್ಪಿದ್ದ.”

“ಅದೇ ತಪ್ಪಾದ್ದು! ಮದುವೆಗೆ ಕರೆದಿಕ್ಕಿ, ನಿಂಗೊ ಖರೇ ಬತ್ರಾ ಹೇಳಿ ಮತ್ತೊಂದ್ಸಲ ಯಾರಾದ್ರೂ ಕೇಳ್ತ್ವಾ? ಮರ್ಯಾದೆ ಇದ್ದ ಜನ ಹಂಗೆಲ್ಲ ಕೇಳ್ತ್ವಿಲ್ಲೆ.”

ಒಪ್ಪಿಗೆ ಕೇಳುವುದನ್ನು ನಾನು ತೆಗೆಯುವುದಿಲ್ಲ ಎಂದೆ. ಮಾವ ಜಗಳವಾಡಲಿಲ್ಲ. ಇಮೇಲ್ ಸೇವೆಯ ಖಾತೆ ಸಂಘದ ಹೆಸರಿನಲ್ಲಿತ್ತು, ಪಾಸ್‌ವರ್ಡ್ ಅವರ ಕೈಯಲ್ಲಿತ್ತು. ಹೇರಂಬ ಎಂಬ ಅಳಿಯನನ್ನು ಕೂರಿಸಿ, ಒಪ್ಪಿಗೆ ಕೇಳುವ ಕಡೆ ಇದ್ದ ಒಂದೇ ಒಂದು ಟಿಕ್ ಗುರುತು ತೆಗೆಸಿದರು. ಈ ಹೇರಂಬ ಶಿವಮೊಗ್ಗದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವನು, ಅಲ್ಪವಿದ್ಯಾ ಮಹಾಗರ್ವಿ. ಸಾಲದೆಂದು ಪುಟದ ನಡುವೆ ದಪ್ಪ ಅಕ್ಷರದಲ್ಲಿ ‘ಕಾಯುತ್ತಿರುವವರು’ ಎಂದು ಬರೆದು, ಎದುರಿಗೆ ತಾನಾಗಿಯೇ ಏರುವ ಸಂಖ್ಯೆಯೊಂದನ್ನು ಕೂರಿಸಿದ. ಇನ್ನು ಮೇಲೆ ಖಾನೆಯಲ್ಲಿ ಯಾರು ಏನು ಗೀಚಿದರೂ ಒಬ್ಬ ಗಿರಾಕಿ.

ಆಮೇಲೆ ಶುರುವಾಯಿತು ನೋಡಿ, ಮುಯ್ಯಿ. ಮದುವೆಯಲ್ಲಿ ನೀನು ನನಗೆ ಉಡುಗೊರೆ ಕೊಟ್ಟರೆ ನಿನ್ನ ಮನೆಯ ಮದುವೆಯಲ್ಲಿ ನಾನು ಅದನ್ನು ತೀರಿಸಬೇಕು; ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಿರ್ದೇಶಕರು ಅದನ್ನೇ ಇಮೇಲ್‌ಗೆ ತಂದರು. ‘ನಿನ್ನ ಮಗಳ ಮದುವೆಗೆ ಬೆಳ್ಳಿ ಲೋಟ ಕೊಟ್ಟಿದ್ದೆ, ನಿನ್ನ ಕಡೆಯಿಂದ ಇಪ್ಪತ್ತು ಹೆಸರು ಹಾಕಿಸು.’ ತೀರ್ಥಹಳ್ಳಿಯ ನಿರ್ದೇಶಕ ಶೇಷಪ್ಪಗೌಡರು ಒಂದು ಮದುವೆಯ ಊಟದ ಪಂಕ್ತಿಯಲ್ಲೇ ಅರವತ್ತು ಜನರನ್ನು ಬರೆಸಿಕೊಂಡರು ಎಂಬ ಸುದ್ದಿ ಬಂತು. ಸುಬ್ಬರಾಯ ಮಾವನಿಗೆ ಆ ದಿನ ನಿದ್ದೆ ಬರಲಿಲ್ಲವಂತೆ. ಮರುದಿನ ಮನೆಯ ಮುಯ್ಯಿ ಪುಸ್ತಕವನ್ನೇ ಹೇರಂಬನ ಮುಂದೆ ಹಾಕಿದರು.

ಇಮೇಲ್ ಇಲ್ಲದವರು? ಅದಕ್ಕೇನು ಬರ. ಹೆಸರು ಬರೆ, ಊರು ಅಂಟಿಸು, ಕೊನೆಗೆ ಜಿಮೇಲ್ ಡಾಟ್ ಕಾಮ್ ಎನ್ನು. ಆಗುಂಬೆಯ ಅಡುಗೆ ಭಟ್ಟರಿಗೆ ಇಮೇಲ್ ಹುಟ್ಟಿತು. ತೊಟ್ಟಿಲಲ್ಲಿರುವ ಮೊಮ್ಮಕ್ಕಳಿಗೆ ಹುಟ್ಟಿತು. ಸುಬ್ಬರಾಯ ಮಾವನ ಅಪ್ಪ ಸತ್ತು ಎಂಟು ವರ್ಷ. ಪುಸ್ತಕದಲ್ಲಿ ಹೆಸರಿತ್ತಾದ್ದರಿಂದ ಅವರೂ ಪಿತೃಲೋಕದಲ್ಲಿ ಕುಳಿತು ಮಾವಿನ ಕಸಿಗೆ ಕಾಯತೊಡಗಿದರು. ನಾಚಿಕೆ ಎಂಬುದು ಅಡಿಕೆ ಗೊನೆಯಲ್ಲಿ ಬಿಡುವ ವಸ್ತುವಲ್ಲ, ಬಿಟ್ಟಿದ್ದರೆ ಇವರ ಮನೆಯಲ್ಲೂ ಸ್ವಲ್ಪ ಇರುತ್ತಿತ್ತು.

ಮಳೆ ಹಿಡಿಯುವ ಹೊತ್ತಿಗೆ ಪುಟದ ಮೇಲೆ ಸಾವಿರದ ನೂರನಲವತ್ತು ಜನ ಕಾಯುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಸುಳ್ಳು ಹೇಳುವವರ ರೋಗವೇ ಇದು, ಹೇಳಿ ಹೇಳಿ ಕೊನೆಗೆ ತಾವೇ ನಂಬುತ್ತಾರೆ. ತಾವೇ ತುಂಬಿದ ಸಂಖ್ಯೆಯನ್ನು ಸಂಘದ ಸಭೆಯಲ್ಲಿ ಓದಿ, ತಾವೇ ಚಪ್ಪಾಳೆ ತಟ್ಟಿ, ಈ ಮಳೆಗಾಲದಲ್ಲೇ ಅಷ್ಟೂ ಗಿಡ ಕಟ್ಟಬೇಕು ಎಂದು ಠರಾವು ಮಾಡಿದರು. ಕಸಿ ಆಕಾಶದಿಂದ ಉದುರುವುದಿಲ್ಲ. ಒಂದು ಗಿಡಕ್ಕೆ ತಾಯಿ ಮರದ ಒಂದು ಚಿಗುರು ತುದಿ ಬೇಕು, ಸಾಯುವ ಕಸಿಗಳ ಲೆಕ್ಕಕ್ಕೆ ಇನ್ನೊಂದಷ್ಟು ಬೇಕು. ಜೀರಿಗೆ ಮಿಡಿಗೆ ಇದ್ದದ್ದು ಒಂದೇ ತಾಯಿ.

ಸುದ್ದಿ ಕೇಳಿ ಹೂವಮ್ಮನಿಗೆ ಫೋನ್ ಮಾಡಿದೆ.

“ಹೂವಮ್ಮ, ಖಾತ್ರಿ ಗಿರಾಕಿ ಮೂವತ್ತೆಂಟೇ. ಹೆಚ್ಚೆಂದ್ರೆ ಐವತ್ತು. ಅಷ್ಟಕ್ಕೇ ಕಸಿಕಡ್ಡಿ ತೆಗೀರಿ.”

“ಹಂಗಂದ್ರೆ ಹೆಂಗಮ್ಮ? ನಮ್ ಭಾವನ ಮೊಬೈಲ್‌ನಾಗೆ ನಾನೇ ನೋಡೀನಿ. ಸಾವ್ರದ ಮೇಲೆ ಐತಿ.”

“ಅದು ಸುಳ್ಳು. ಅವರೇ ತುಂಬಿದ್ದು.”

“ಅಷ್ಟು ದೊಡ್ಡೋರು ಎಲ್ಲ ಸೇರ್ಕಂಡು ಸುಳ್ಳು ಬರೀತಾರಾ?” ಎಂದಳು ಹೂವಮ್ಮ. ಸಿಟ್ಟಿನಿಂದಲ್ಲ, ನನ್ನ ಮೇಲೆ ಮರುಕಪಟ್ಟು. “ನಿಮ್ಗೂ ಅವ್ರಿಗೂ ಏನೋ ಮನಸ್ತಾಪ ಇರ್ಬೇಕು ಬಿಡಿ. ಮರ ಉಳೀತಲ್ಲ ಅಮ್ಮ, ನಂಗಷ್ಟೇ ಸಾಕು. ಭಾವ ಈಗ ಮರಕ್ಕೆ ಕೈಮುಗೀತಾನೆ.”

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ಆ ಸಂಘದ ಅಷ್ಟೂ ಜನರನ್ನು ಸಾಲಾಗಿ ನಿಲ್ಲಿಸಿ ಉಗಿಯಬೇಕು ಅನ್ನಿಸಿತು. ಉಗಿದೆ ಕೂಡ, ಸುಬ್ಬರಾಯ ಮಾವನಿಗೆ, ಫೋನಿನಲ್ಲಿ. “ಹೆಂಗಸ್ರಿಗೆ ವ್ಯಾಪಾರ ತಿಳೀತಿಲ್ಲೆ” ಎಂದು ಫೋನಿಟ್ಟರು.

ಸಂಘ ನಾಲ್ಕು ಜನ ಮರ ಹತ್ತುವವರನ್ನು ದಿನಗೂಲಿಗೆ ಕಳಿಸಿತು. ತುದಿ ತುದಿಗೆ ಹೋಗಿ ಒಂದೊಂದೇ ಚಿಗುರು ಕೊಯ್ದರೆ ವಾರ ಬೇಕು. ಕೂಲಿ ಒಂದೇ ದಿನದ್ದು. ಮಿಡಿ ಕೊಯ್ಯುವಾಗ ಕೆಲವರು ಮಾಡುವ ಹಾಗೆ ಅವರು ಕೊಂಬೆಗಳನ್ನೇ ಕಡಿದು ಕೆಡವಿದರು, ನೆಲದ ಮೇಲೆ ಕೂತು ಆರಾಮಾಗಿ ತುದಿ ಕತ್ತರಿಸಿಕೊಂಡರು. ಹೂವಮ್ಮ ಮೊದಲ ಕೊಂಬೆ ಬಿದ್ದಾಗ ಅಯ್ಯೋ ಎಂದಳಂತೆ. ಶೇಷಪ್ಪಗೌಡರು ಅಲ್ಲೇ ಕೊಡೆ ಹಿಡಿದು ನಿಂತಿದ್ದರು. “ಸಾವಿರ ಜನ ಬಾಗ್ಲಲ್ಲಿ ಕಾಯ್ತಾವ್ರೆ ಕಣಮ್ಮ, ಕೊಂಬೆ ಲೆಕ್ಕ ನೋಡ್ತಾರಾ?” ಎಂದರಂತೆ. ಸಂಜೆಗೆ ದಂಡೆಯ ಮೇಲೆ ಒಂದು ಬೊಡ್ಡೆ ಮತ್ತು ಮೂರು ಮೋಟು ತೋಳು ಉಳಿದಿದ್ದವು. ಮರುದಿನದಿಂದ ಮಳೆ, ಬಿಡದೆ ಹೊಯ್ಯಿತು. ಕಡಿದ ಬಾಯಿಗಳಲ್ಲಿ ನೀರು ಇಳಿಯಿತು.

ವೆಬ್‌ಸೈಟ್ ಚೌತಿ ಕಳೆದ ಮೇಲೆ ತೆರೆಯಿತು. ಹೊಸನಗರದಲ್ಲಿ ಸಭೆ, ಹಾರ, ಮೈಕು. ಕಾಯುತ್ತಿರುವ ಎಲ್ಲರಿಗೂ ಒಟ್ಟಿಗೆ ಮೇಲ್ ಕಳಿಸುವ ಗುಂಡಿಯನ್ನು ಅತಿಥಿಗಳು ದೀಪ ಹಚ್ಚಿದ ಕೈಯಲ್ಲೇ ಒತ್ತಿದರು. ಹೇರಂಬ ಒಂದು ಸಲ ಒತ್ತಿ ಎಂದರೆ ಅವರು ಗಂಟೆ ಬಾರಿಸಿದ ಹಾಗೆ ಮೂರು ಸಲ ಒತ್ತಿದರು.

ಊಟದ ಎಲೆ ತೆಗೆಯುವ ಮೊದಲೇ ಮೇಲ್‌ಗಳು ಹಿಂದಕ್ಕೆ ಬರತೊಡಗಿದವು. ಇಂಥ ವಿಳಾಸ ಇಲ್ಲ, ಇಂಥ ವಿಳಾಸ ಇಲ್ಲ. ಇದ್ದ ಕೆಲವು ವಿಳಾಸಗಳು ಇನ್ಯಾರದೋ ಆಗಿದ್ದವು. ಪುಣೆಯ ಒಬ್ಬ, ನೀವ್ಯಾರು, ನನಗೇಕೆ ಇದು ಎಂದು ಬೈದು ಬರೆದ. ಕಳ್ಳ ಮೇಲ್ ಹಾಕುವವರಿರಬೇಕು ಎಂದುಕೊಂಡು ಇಮೇಲ್ ಸೇವೆಯವರು ಕಳಿಸುವುದನ್ನು ಅರ್ಧಕ್ಕೇ ನಿಲ್ಲಿಸಿ, ಸಂಘದ ಖಾತೆಗೆ ಬೀಗ ಹಾಕಿದರು. ಹಾಕದೆ ಇನ್ನೇನು ಮಾಡುತ್ತಾರೆ, ನಾನಾದರೂ ಹಾಕುತ್ತಿದ್ದೆ. ಸುಬ್ಬರಾಯ ಮಾವ ಮೈಕಿನಲ್ಲಿ, “ಮಳೆಯಿಂದಾಗಿ ನೆಟ್‌ವರ್ಕ್ ಸ್ವಲ್ಪ ನಿಧಾನ ಇದೆ” ಎಂದು ಘೋಷಿಸಿದರು.

ಮೊದಲಿನ ಆ ಮೂವತ್ತೆಂಟು ಜನರ ವಿಳಾಸ ನನ್ನ ಕಂಪ್ಯೂಟರಿನಲ್ಲಿತ್ತು. ಆ ಸಂಜೆಯೇ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದೆ. ಮೂವತ್ತು ಮಂದಿ ಗಿಡ ಬುಕ್ ಮಾಡಿದರು. ಅವರ ಹೊರತು ಬೇರೆ ಯಾರೂ, ಸುಬ್ಬರಾಯ ಮಾವನ ಮುಯ್ಯಿಯ ನೆಂಟರೂ, ಒಂದೇ ಒಂದು ಗಿಡ ಕೇಳಲಿಲ್ಲ.

ನವರಾತ್ರಿಯ ನಂತರ ನಿಟ್ಟೂರಿಗೆ ಹೋದೆ. ಮರ ಮತ್ತೆ ಚಿಗುರಲೇ ಇಲ್ಲವಂತೆ. ಮೋಟು ತೋಳುಗಳಿಂದ ಕೊಳೆ ಇಳಿದು ಬೊಡ್ಡೆ ಟೊಳ್ಳಾಗತೊಡಗಿತ್ತಂತೆ. ನಾಟಾಕ್ಕೂ ಬಾರದು ಎಂದು ಬೆಳ್ಳಪ್ಪ ಸೌದೆಗೆ ಕೊಟ್ಟು, ನಾನು ಹೋಗುವ ಹಿಂದಿನ ದಿನವಷ್ಟೇ ಕಡಿಸಿದ್ದ. ಪ್ಲಾಸ್ಟಿಕ್ ಚೀಲದ ಕಸಿ ಗಿಡಗಳು ಅಂಗಳದ ತುಂಬ ನಿಂತಿದ್ದವು. ಅರ್ಧ ಒಣಗಿದ್ದವು, ಉಳಿದವು ಮಿಡಿ ಬಿಡುವುದಕ್ಕೆ ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಹೂವಮ್ಮ ಏನು ತಿನ್ನಬೇಕೋ ಅದು ಸಂಘದ ಠರಾವಿನಲ್ಲಿ ಇರಲಿಲ್ಲ.

ಅವಳು ನನಗೆ ಕಾಫಿ ಕೊಟ್ಟು ಎದುರಿಗೆ ಕೂತಳು.

“ಅಷ್ಟು ಜನ್ದಾಗೆ ಒಬ್ರೂ ಖರೇ ಇರ್ಲಿಲ್ವಾ ಅಮ್ಮ?”

“ಇದ್ರು. ನಾ ಹೇಳಿದ್ದೆನಲ್ಲ, ಮೂವತ್ತೆಂಟು ಜನ.”

“ಮಿಕ್ಕೋರು?”

“ಹೆಸರುಗಳು ಅಷ್ಟೇ. ಸಿಕ್ಕಿದ ಹೆಸರೆಲ್ಲ ಬರೆದಿದಾರೆ.”

ಹೂವಮ್ಮ ಅಂಗಳದ ಗಿಡಗಳ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ಶೇಷಪ್ಪಗೌಡ್ರು ಒಂದಿನ ಬಂದು ನನ್ ಹೆಸ್ರೂ ಕೇಳ್ಕಂಡು ಬರ್ಕಂಡು ಹೋದ್ರು. ನಾನು ಖುಷೀಲೇ ಹೇಳ್ದೆ. ಹಂಗಾರೆ ಈ ಮರ ಕಡ್ಸಿದೋರಾಗೆ ನಾನೂ ಒಬ್ಳಾದೆ.”