ಕೊಂಡಿಯ ಮೇಲಿನ ಮೂರು ಅಂಕಿ

"ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನನ್ನ ಬಿಲ್ಲು ಓದೋಕೆ ಬಂದಿದ್ದಾನೆ, ನೋಡ್ರಪ್ಪಾ!" ಚಿನ್ನದಂಗಡಿಯ ಯಜಮಾನ ಗಿರಾಕಿಗಳ ಮುಂದೆಯೇ ಕೂಗಿದ. ಎಲ್ಲರೂ ಕಿಸಕ್ಕೆಂದರು.

ಒಡವೆಗೆ ಪಾಲಿಶ್ ಹಾಕಿ ಬದುಕುವ ತಮ್ಮನಿಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲಿ ಅಕ್ಕ ತಲೆ ತಗ್ಗಿಸಿದ್ದಳು. ಎರಡು ವರ್ಷ ಹೊಲಿಗೆ ಯಂತ್ರ ತುಳಿದು, ಜೀವನದಲ್ಲಿ ಮೊದಲ ಸಲ, ಇದೇ ಅಂಗಡಿಯಲ್ಲಿ ಕೊಂಡ ಚಿನ್ನದ ಸರ ಅವಳ ಕೈಯಲ್ಲಿತ್ತು. ಬೆಳಿಗ್ಗೆ ಬಿಲ್ಲಿನ ಫೋಟೋ ಕಳಿಸಿ, "ಸರಿ ಇದೆಯಲ್ವೇನೋ?" ಎಂದು ಕೇಳಿದ್ದಳು.

ಅವನು ಫೋನಿನಲ್ಲಿ ಆ ಫೋಟೋ ಹಿಗ್ಗಿಸಿದ. "ದರ ಹಾಕಿರೋದು ಇಪ್ಪತ್ತೆರಡು ಕ್ಯಾರೆಟ್ಟಿಂದು. ಸರದ ವಿವರ ಬರೆದ ಸಾಲಲ್ಲಿ ಮಾತ್ರ 750 ಅಂತಿದೆ. ಸಾವಿರ ಪಾಲಲ್ಲಿ ಏಳುನೂರೈವತ್ತೇ ಚಿನ್ನ, ಅಂದ್ರೆ ಹದಿನೆಂಟು ಕ್ಯಾರೆಟ್. ಇಪ್ಪತ್ತೆರಡಾಗಿದ್ರೆ 916 ಇರ್ಬೇಕಿತ್ತು."

"ಅಚ್ಚಿನ ತಪ್ಪು ಕಣೋ ಅದು!"

"ಹಾಗಾದ್ರೆ ಸರಾನೂ ಸುಳ್ಳು ಹೇಳುತ್ತಾ?" ಅವನು ಶುದ್ಧತೆಯ ಮುದ್ರೆಯಿರುವ ಸರದ ಕೊಂಡಿಯನ್ನು ಅಂಗಡಿಯ ಭೂತಗನ್ನಡಿಯ ಕೆಳಗೆ ಹಿಡಿದ. ಓಲೆ ಕೊಳ್ಳಲು ಬಂದಿದ್ದ ಅಜ್ಜಿಯೊಬ್ಬಳು ಬಗ್ಗಿ, "ಏಳು, ಐದು, ಸೊನ್ನೆ" ಎಂದು ಅಂಗಡಿಗೆಲ್ಲ ಕೇಳುವಂತೆ ಓದಿ, ತನ್ನ ಚೀಲ ಎತ್ತಿಕೊಂಡಳು.

ನಗು ನಿಂತಿತು. ಯಜಮಾನ ಬೆವರೊರೆಸಿಕೊಂಡು, ಸರವನ್ನು ತೆಗೆದಿಟ್ಟುಕೊಂಡು ಅಕ್ಕನ ಹಣವನ್ನು ಪೂರ್ತಿ ವಾಪಸ್ಸು ಕೊಟ್ಟ. ಆಮೇಲೆ ಬೆಣ್ಣೆಯಂಥ ದನಿಯಲ್ಲಿ, "ತಮ್ಮಾ, ಬೀದೀಲಿ ಯಾರಿಗೂ ಹೇಳಲ್ಲ ತಾನೆ?" ಎಂದ.

ಅವನು ಬಿಲ್ಲಿನ ಫೋಟೋ ಇದ್ದ ಫೋನನ್ನು ಜೇಬಿಗಿಳಿಸಿ, ಅಕ್ಕನ ಕೈ ಹಿಡಿದು ಮೆಟ್ಟಿಲಿಳಿದ.