ದೊಡ್ಡ ಸಿಸ್ಟರ್ ಹೇಳಿ ಬರೆಸಿದ ಹಾಳೆ

ದೊಡ್ಡ ಸಿಸ್ಟರ್ ತಮ್ಮ ಕಾಯಿಲೆಯನ್ನು ತಾವೇ ಹೇಳಿ ಬರೆಸಿದರು. ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ಬೇರೆ ಯಾರದೋ ಮಂಚದ ಪಕ್ಕ ನಿಂತವರ ಹಾಗೆ.

“ಬರ್ಕೋ. ಹೆಂಗಸು, ಎಪ್ಪತ್ತೊಂದು. ಸ್ತನದ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿದೆ. ನೋವು ಹತ್ತಕ್ಕೆ ಮೂರು. ಮಾರ್ಫಿನ್ ಐದು ಹೊತ್ತೂ ತಪ್ಪದೆ ತಗೋತಾಳೆ. ಹೊಟ್ಟೆ ಸರಾಗ. ಕೊನೇವರೆಗೂ ಮನೇಲೇ ಇರಬೇಕು ಅಂತ ಆಸೆ. ಮನೆಯವರ ಒಪ್ಪಿಗೆ ಇದೆ. ಮುಗೀತು.”

ನರ್ಸ್ ಬರೆದುಕೊಂಡಳು. ವಾಸಿಯಾಗದ ಕಾಯಿಲೆಯವರ ಮನೆಗಳಿಗೆ ಹೋಗಿ ನೋಡಿಕೊಳ್ಳುವುದು ಅವಳ ಹನ್ನೊಂದು ವರ್ಷದ ಕೆಲಸ. ಪ್ರತಿ ರೋಗಿಗೂ ಒಂದೇ ಹಾಳೆ: ಏನು ಬಾಧೆ, ಏನು ಮದ್ದು, ಯಾರಿಗೆ ಏನು ಬೇಕು, ತೊಂದರೆಯಾದರೆ ಯಾರನ್ನು ಕರೆಯಬೇಕು. ಅವತ್ತು ಶುಕ್ರವಾರ. ಮುಂದಿನ ಎರಡು ದಿನ ಅವಳಿಗೂ ಅವಳ ಡಾಕ್ಟರಿಗೂ ರಜೆ. ಆ ಹೊತ್ತಿನಲ್ಲಿ ಏನಾದರೂ ಆದರೆ ಬರುವವರು ಗುರುತು ಪರಿಚಯ ಇಲ್ಲದವರು. ಅವರು ದೊಡ್ಡ ಸಿಸ್ಟರನ್ನು ನೋಡುವ ಮೊದಲು ಆ ಹಾಳೆಯನ್ನು ನೋಡುತ್ತಾರೆ. ಅದರಲ್ಲಿ ಇದ್ದದ್ದೇ ನಡೆಯುತ್ತದೆ. ಇಲ್ಲದಿದ್ದರೆ ಆಂಬುಲೆನ್ಸ್, ಕ್ಯಾಶುಯಲ್ಟಿ, ಮೂಗಿಗೊಂದು ಕೈಗೊಂದು ಕೊಳವೆ. ದೊಡ್ಡ ಸಿಸ್ಟರ್ ಬೇಡ ಎನ್ನುತ್ತಿದ್ದುದು ಅದನ್ನೇ.

“ಅಕ್ಷರ ಇನ್ನೂ ಇರುವೆ ಸಾಲೇ?” ಕಣ್ಣು ತೆರೆಯದೆ ಕೇಳಿದರು.

“ಇರುವೆ ಸ್ವಲ್ಪ ದಪ್ಪ ಆಗಿದೆ, ದೊಡ್ಡ ಸಿಸ್ಟರ್.”

“ನೀನೂ ಆಗಿದೀಯ, ಚೀಟಿ.”

ಆ ಹೆಸರಿನಿಂದ ಯಾರಾದರೂ ಕರೆದು ಇಪ್ಪತ್ತೈದು ವರ್ಷವಾಗಿತ್ತು. ದೊಡ್ಡ ಸಿಸ್ಟರ್ ಮುಖ್ಯಸ್ಥೆಯಾಗಿದ್ದ ವಾರ್ಡಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದ ಈ ಹುಡುಗಿ ಕಂಡದ್ದನ್ನೆಲ್ಲ ಚೂರು ಕಾಗದಗಳಲ್ಲಿ ಗೀಚಿ ಏಪ್ರನ್ನಿನ ಜೇಬಿಗೆ ತುರುಕುತ್ತಿದ್ದಳು. ಒಂದು ಮುಂಜಾನೆ ಪಾಳಿ ಬದಲಾಗುವಾಗ ಎಲ್ಲರೆದುರು ದೊಡ್ಡ ಸಿಸ್ಟರ್ ಆ ಜೇಬನ್ನು ಮಗುಚಿ ಹಾಕಿದರು. ಹದಿನೇಳು ಚೀಟಿ, ಒಂದು ಹೇರ್‌ಪಿನ್ನು, ಅರ್ಧ ಬಿಸ್ಕತ್ತು. “ಇದರಲ್ಲಿ ರೋಗಿ ಎಲ್ಲಿದಾನೆ, ಹುಡುಕಿಕೊಡು,” ಎಂದಿದ್ದರು. ಆಮೇಲೆ ಎರಡು ವರ್ಷ ಕಿಟಕಿಯ ಪಕ್ಕದ ಉದ್ದನೆಯ ಮೇಜಿನ ಮೇಲೆ ದಿನವೂ ವರದಿ ಬರೆಯುವ ಪಾಠ. ಮೂವತ್ತು ಮಂಚ, ಮಂಚಕ್ಕೆ ಎರಡು ಸಾಲು. ಹೊರಗೆ ಬೆಳಕು ಹರಿಯುತ್ತಿರುತ್ತಿತ್ತು. ಕಬ್ಬಿಣದ ಮಂಚಗಳು ಬಿಳಿಚಿಕೊಂಡು ಕಾಣುತ್ತಿದ್ದವು. ಒಂದೊಂದು ಮಂಚದವರ ಹೆಸರು ಓದಿ ಆದಮೇಲೆ ದೊಡ್ಡ ಸಿಸ್ಟರ್ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಯಾರಾದರೂ ಏನಾದರೂ ಹೇಳುವುದಿದ್ದರೆ ಹೇಳಲಿ ಎಂದು. ಡ್ಯೂಟಿಯಲ್ಲಿ ಚೀಟಿ ಕಲಿತದ್ದರಲ್ಲಿ ಹೆಚ್ಚಿನದು ಆ ಸುಮ್ಮನಿರುವುದೇ.

ಇಲ್ಲಿ ಅವಳು ಹಾಗೆ ಸುಮ್ಮನಿದ್ದು ಕಾಯಲಿಲ್ಲ. ಗುರು ಹೇಳಿದರು, ಶಿಷ್ಯೆ ಬರೆದಳು, ಚೀಲ ಹೆಗಲಿಗೇರಿಸಿ ಎದ್ದಳು. ಮೆಟ್ಟಿಲ ಕೆಳಗೆ ನಿಂತು ಹಾಳೆಯ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದಳು. ಎರಡೇ ನಿಮಿಷಕ್ಕೆ ಫೋನ್ ಬಂತು.

“ಇವರ ಮಗಳು ನಿನ್ನೆ ಎರಡು ಸಲ ಫೋನ್ ಮಾಡಿದ್ರು, ಮಧ್ಯಾಹ್ನ ಆದ್ರೆ ಅಮ್ಮ ಗೋಡೆ ಕಡೆ ತಿರುಗಿ ನರಳ್ತಾರೆ ಅಂತ. ನಿಮ್ಮ ಹಾಳೇಲಿ ನೋವು ಮೂರು. ಐದು ಹೊತ್ತೂ ನುಂಗಿಯೂ ನರಳ್ತಿದಾರೆ ಅಂದ್ರೆ ಡೋಸ್ ಸಾಲ್ತಿಲ್ಲ. ಈಗ ದಿನಕ್ಕೆ ಅರವತ್ತು ಮಿಲಿಗ್ರಾಂ ತಾನೆ? ತೊಂಬತ್ತಕ್ಕೆ ಏರಿಸೋಣ. ಬರ್ಕೊಳ್ಳಿ.”

ಅವಳು ಪೆನ್ನು ತೆಗೆದಳು.

“ಅಂದಹಾಗೆ ಮಾತ್ರೆ ಎಷ್ಟು ಉಳಿದಿವೆ? ಹೊಸದು ಕಳಿಸಬೇಕಾ?”

ಪೆನ್ನು ಅಲ್ಲೇ ನಿಂತಿತು. ಬೇರೆ ಯಾವ ಮನೆಯಲ್ಲೇ ಆಗಲಿ ಅವಳು ಕೈ ತೊಳೆದ ಮೇಲೆ ಮಾಡುವ ಮೊದಲ ಕೆಲಸ ಮಾತ್ರೆ ಎಣಿಸುವುದು. ಎರಡನೆಯದು ಮನೆಯವರನ್ನು ಬೇರೆ ಕೂರಿಸಿ ಕೇಳುವುದು. ಈ ಮನೆಯಲ್ಲಿ ಎರಡನ್ನೂ ಮಾಡಿರಲಿಲ್ಲ. ಮದ್ದಿನ ಡಬ್ಬಿ ದೊಡ್ಡ ಸಿಸ್ಟರ ದಿಂಬಿನ ಪಕ್ಕ, ಅವರದೇ ಸುಪರ್ದಿಯಲ್ಲಿತ್ತು. ಅದಕ್ಕೆ ಕೈ ಹಾಕುವುದೆಂದರೆ ಅವರ ಮಾತನ್ನು ನಂಬಲಿಲ್ಲ ಎಂದಂತೆ. ಹಾಗೆ ಅನ್ನಿಸಿ ಬಿಟ್ಟಿದ್ದಳು, ಅಷ್ಟೆ.

“ಹತ್ತು ನಿಮಿಷ ಕೊಡಿ ಡಾಕ್ಟ್ರೇ. ಈ ಹಾಳೆ ಲೆಕ್ಕಕ್ಕಿಲ್ಲ ಅಂದ್ಕೊಳ್ಳಿ.”

ಮೆಟ್ಟಿಲ ಮೇಲೆಯೇ ಮಗಳು ಎದುರಾದಳು. ಅವಳ ಕೈಯಲ್ಲಿ ನರ್ಸ್ ಬಿಟ್ಟುಬಂದಿದ್ದ ಹಾಳೆಯ ಪ್ರತಿ ಇತ್ತು.

“ಅಕ್ಕಾ, ‘ಮನೆಯವರ ಒಪ್ಪಿಗೆ ಇದೆ’ ಅಂತ ಬರ್ದಿದೀರಲ್ಲ. ಯಾವ ಮನೆಯವರು? ಪಕ್ಕದ ಮನೆಯವರಾ?”

ನರ್ಸಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. “ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಯ್ತು. ಬನ್ನಿ ಒಳಗೆ, ಮೊದಲಿಂದ ಬರೆಯೋಣ.”

ಕೋಣೆಯಲ್ಲಿ ಯಜಮಾನರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಇಸ್ಪೀಟು ಕಲೆಸುತ್ತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿದವರು, ಈಗಲೂ ಸ್ಟೇರಿಂಗ್ ಹಿಡಿದ ಹಾಗೆಯೇ ಎಲೆ ಹಿಡಿಯುತ್ತಿದ್ದರು.

“ಏನು ಮರೆತೆ?” ಎಂದರು ದೊಡ್ಡ ಸಿಸ್ಟರ್.

“ಎಣಿಸೋದು,” ಎಂದಳು ನರ್ಸ್. ಡಬ್ಬಿಗೆ ಕೈ ಚಾಚಿ ಅಲ್ಲೇ ತಡೆದಳು. “ತೆಗೀಲಾ?”

ಎಲೆ ಕಲೆಸುವ ಸದ್ದು ನಿಂತಿತು. ಅವಳು ಕಾದಳು, ಒಂದು ಉಸಿರಿಗಿಂತ ಹೆಚ್ಚು ಹೊತ್ತು. ದೊಡ್ಡ ಸಿಸ್ಟರ್ ಮುಖ ಗೋಡೆಯ ಕಡೆ ತಿರುಗಿಸಿ ಡಬ್ಬಿಯನ್ನು ಬೆರಳ ತುದಿಯಿಂದ ಇತ್ತ ನೂಕಿದರು.

ಎಂಟು ದಿನದ ಹಿಂದೆ ಕೊಟ್ಟದ್ದು ಹತ್ತು ಮಿಲಿಗ್ರಾಮಿನ ಎಂಬತ್ತನಾಲ್ಕು ಮಾತ್ರೆ. ಹಗಲು ನಾಲ್ಕು ಗಂಟೆಗೊಂದರಂತೆ ನಾಲ್ಕು, ಮಲಗುವಾಗ ಎರಡು. ಮೂವತ್ತಾರು ಉಳಿಯಬೇಕಿತ್ತು. ಅರವತ್ತು ಇದ್ದವು.

“ಬೆಳಿಗ್ಗೆ ಆರಕ್ಕೆ ಒಂದು, ಮಲಗುವಾಗ ಎರಡು. ಹಗಲಿಂದು ಮೂರೂ ಬಿಟ್ಟಿದೀರಿ.”

“ಅಯ್ಯೋ ದೇವರೇ,” ಎಂದಳು ಮಗಳು. “ಅಮ್ಮಾ! ನಿನ್ನ ರೋಗಿ ಯಾರಾದ್ರೂ ಹೀಗೆ ಮಾಡಿದ್ರೆ ಚರ್ಮ ಸುಲಿದಿರ್ತಿದ್ದೆ ನೀನು.”

“ಸುಲೀತಿದ್ದೆ,” ದೊಡ್ಡ ಸಿಸ್ಟರ್ ಒಪ್ಪಿಕೊಂಡರು. “ಹತ್ತು ಗಂಟೇದು ನುಂಗಿದ್ರೆ ಸಂಜೇವರೆಗೂ ಜೋಂಪು. ಇವರು ಮೂರು ಗಂಟೆಗೆ ಎಲೆ ಹಾಕ್ತಾರೆ. ರಾಣಿ ಯಾವುದು ರಾಜ ಯಾವುದು ಗೊತ್ತಾಗಲ್ಲ. ಇವರಿಗೆ ಆಡೋಕೆ ಇನ್ಯಾರಿದಾರೆ?”

ಯಜಮಾನರು ಎಲೆಗಳನ್ನು ನೆಲಕ್ಕಿಟ್ಟರು. “ನೋವು ನುಂಗ್ಕೊಂಡು ಆಡ್ತಿದ್ಯಾ? ನಾನೋ, ನೀನು ಗೆದ್ದು ನಗಲಿ ಅಂತ ದಿನಾ ಬೇಕಂತ ಸೋಲ್ತಿದ್ದೆ.”

“ಬೇಕಂತ ಏನಲ್ಲ. ನಿಮಗೆ ಆಡೋಕೆ ಬರಲ್ಲ.”

ನಗು ಬಂತು ಎಲ್ಲರಿಗೂ. ಮಗಳಿಗೂ, ಕಣ್ಣಲ್ಲಿ ನೀರಿದ್ದ ಹಾಗೇ. ಆ ನಗು ಆರುವ ಮೊದಲೇ ದೊಡ್ಡ ಸಿಸ್ಟರ್ ತಗ್ಗಿದ ದನಿಯಲ್ಲಿ ಅಂದರು: “ಇನ್ನೊಂದೂ ಇದೆ. ನಮ್ಮ ಕಾಲದಲ್ಲಿ ಆ ಮದ್ದು ಬೀಗದ ಬೀರುವಿನಿಂದ ಹೊರಗೆ ಬಂತು ಅಂದ್ರೆ ಮೂಲೆ ಮಂಚ ಖಾಲಿ ಆಗ್ತಿತ್ತು. ಚೀಟಿಗೆ ಗೊತ್ತು.”

ಚೀಟಿಗೆ ಗೊತ್ತಿತ್ತು. ಬೀಗದ ಕೈ ಗೊಂಚಲಿನ ಸದ್ದು ಕೇಳಿದರೆ ಇಡೀ ವಾರ್ಡು ಕೆಮ್ಮುವುದನ್ನೂ ನಿಲ್ಲಿಸುತ್ತಿತ್ತು. “ಆಗ ಕೊನೇ ದಿನ ಕೊಡ್ತಿದ್ವಿ, ಅದಕ್ಕೇ ಹಾಗೆ ಕಾಣ್ತಿತ್ತು,” ಎಂದಳು. “ಮದ್ದು ಸಾವು ತರ್ತಿರಲಿಲ್ಲ, ದೊಡ್ಡ ಸಿಸ್ಟರ್. ನಾವು ತಡ ಮಾಡ್ತಿದ್ವಿ.”

ದೊಡ್ಡ ಸಿಸ್ಟರ್ ಎದುರು ಯಾವ ಮುಖಗಳು ಸಾಲುಗಟ್ಟಿದವೋ, ನರ್ಸ್ ಕೇಳಲಿಲ್ಲ.

“ಈಗ ಹೇಳಿ. ನೋವು?”

“ಮಧ್ಯಾಹ್ನ ಏಳು. ಎಂಟೂ ಆಗತ್ತೆ.”

“ಹೊಟ್ಟೆ?”

“ನಾಲ್ಕು ದಿನ ಆಯ್ತು. ಭೇದಿ ಮಾತ್ರೆ ನಿಲ್ಲಿಸಿದೆ. ಕಕ್ಕಸಿಗೆ ಇವರ ಹೆಗಲ ಮೇಲೆ ಹೋಗಬೇಕು. ನಾಚಿಕೆ.”

“ಮೂವತ್ತು ವರ್ಷ ಊರವರನ್ನೆಲ್ಲ ಹೊತ್ತೆ,” ಎಂದರು ಯಜಮಾನರು. “ನೀನೇನು ಭಾರ.”

“ಕಾಲು ಜೋಮು, ಬಲ ಇಲ್ಲದ ಹಾಗೆ ಆಗೋದು? ಮೂತ್ರ ಕಟ್ಟೋದು?”

“ಅದಿಲ್ಲ. ಸುಳ್ಳಲ್ಲ, ನೋಡ್ಕೋ ಬೇಕಾದ್ರೆ.”

ಈ ಸಲ ಅವಳು ನೋಡಿಯೇ ನೋಡಿದಳು. ಹೊಟ್ಟೆ ಮುಟ್ಟಿದಳು, ಅವರ ಪಾದಗಳನ್ನು ತನ್ನ ಅಂಗೈಗೆ ಒತ್ತಿಸಿ ಬಲ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಡಾಕ್ಟರಿಗೆ ಫೋನ್ ಹಚ್ಚಿದಳು. ಮಾತ್ರೆಗಳ ಲೆಕ್ಕ ಒಪ್ಪಿಸಿದಳು.

“ಅಂದ್ರೆ ಮೈಗೆ ಗೊತ್ತಿರೋದು ಮೂವತ್ತು. ನಾನು ತೊಂಬತ್ತು ಬರೆಸ್ತಿದ್ದೆ. ಮಗಳು ಕೈಯಾರೆ ಪೂರ್ತಿ ಕೊಟ್ಟಿದ್ರೆ ಮೂರು ಪಟ್ಟು ಆಗ್ತಿತ್ತು. ಜೀವಕ್ಕೇ ಅಪಾಯ. ಏರಿಸೋದು ಬೇಡ. ಅದೇ ಮೂವತ್ತನ್ನ ಹರಡಿ ಕೊಡಿ. ಹಗಲು ನಾಲ್ಕು ಗಂಟೆಗೊಮ್ಮೆ ಅರ್ಧ ಮಾತ್ರೆ, ಮಲಗುವಾಗ ಒಂದು. ನಡುವೆ ನೋವು ಬಂದ್ರೆ ಇನ್ನೊಂದು ಅರ್ಧ, ಬರೆದಿಡಿ. ಅರ್ಧಕ್ಕೆ ಅಷ್ಟು ಜೋಂಪು ಬರಲ್ಲ, ಬಂದ್ರೂ ಎರಡು ಮೂರು ದಿನಕ್ಕೆ ಒಗ್ಗತ್ತೆ. ಭೇದಿ ಮಾತ್ರೆ ಇವತ್ತೇ ಶುರು, ಅದನ್ನ ಬಿಡೋ ಹಾಗೇ ಇಲ್ಲ.”

ನರ್ಸ್ ಹೊಸ ಹಾಳೆ ತೆಗೆದಳು. ಬಾಧೆ, ಮದ್ದು ತುಂಬಿದವು. ‘ರೋಗಿಗೆ ಮುಖ್ಯ’ ಎಂಬಲ್ಲಿ ‘ಮಧ್ಯಾಹ್ನ ಮೂರಕ್ಕೆ ಎಚ್ಚರವಾಗಿದ್ದು ಯಜಮಾನರ ಜೊತೆ ಎಲೆ ಆಡುವುದು’ ಎಂದು ಬರೆದಳು. ಉಳಿದದ್ದು ಒಂದೇ ಜಾಗ, ಮನೆಯವರ ಒಪ್ಪಿಗೆಯದು. ಪೆನ್ನು ಹಿಡಿದು ಮಗಳ ಕಡೆ ತಿರುಗಿ ಸುಮ್ಮನೆ ಕೂತಳು.

ಮಗಳು ಸೆರಗಿನ ಅಂಚು ಸುತ್ತುತ್ತಿದ್ದಳು. “ಆಸ್ಪತ್ರೆಗೆ ಹೋಗಲಿ ಅಂತ ನನಗೇನು ಖುಷೀನಾ ಅಕ್ಕ? ಅಪ್ಪ ಅಂಗಡಿಗೆ ಹೋಗಿರ್ತಾರೆ. ಅಮ್ಮಂಗೆ ಉಸಿರು ಕಟ್ಟತ್ತೆ. ನಾನೊಬ್ಬಳೇ. ಅಮ್ಮ ಸಾವಿರ ಜನರ ಪಕ್ಕ ನಿಂತವಳು. ನಾನು ಒಂದೂ ನೋಡಿಲ್ಲ. ಕೈಕಟ್ಟಿ ನೋಡ್ತಾ ನಿಂತ್ಕೊಳ್ಳೋದಾ?”

ದೊಡ್ಡ ಸಿಸ್ಟರ್ ತಿರುಗಿ ಮಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಸಾವಿರ ಮನೆಯವರಿಗೆ ಕುರ್ಚಿ ಎಳೆದು ಕೂರಿಸಿ ಹೇಳಿದ್ದನ್ನು ಸ್ವಂತ ಮಗಳಿಗೆ ಹೇಳಿರಲಿಲ್ಲ ಎಂಬುದು ಆ ನೋಟದಲ್ಲಿತ್ತು.

“ಬಾ ಇಲ್ಲಿ. ಕೂತ್ಕೋ. ನಾನು ಹೇಳ್ತೀನಿ, ನೀನು ಮಾಡಿ ತೋರಿಸು.”

ಉಸಿರು ಕಟ್ಟಿದರೆ ಬೆನ್ನಿಗೆ ದಿಂಬಿಟ್ಟು ಎತ್ತಿ ಕೂರಿಸುವುದು. ಕಿಟಕಿ ತೆರೆಯುವುದು. ಮುಖಕ್ಕೆ ಫ್ಯಾನ್ ಗಾಳಿ. ಅರ್ಧ ಮಾತ್ರೆ. ಪಕ್ಕ ಕೂತು ಕೈ ಹಿಡಿಯುವುದು. ಆಮೇಲೆ ಫೋನು, ಮೊದಲು ಪಾಳಿಯ ನರ್ಸಿಗೆ. ಮಗಳು ಒಂದೊಂದನ್ನೂ ಮಾಡಿ ನೋಡಿದಳು. ದಿಂಬು ಇಡುವುದು ಎರಡು ಸಲ ತಪ್ಪಿತು.

“ಕಾಲಿನ ಬಲ ಹೋದ್ರೆ, ಇಲ್ಲಾ ಎರಡು ಸಲ ಹೆಚ್ಚಿಗೆ ಕೊಟ್ಟರೂ ನೋವು ಇಳೀದಿದ್ರೆ, ಅದೇ ದಿನ ಫೋನ್ ಮಾಡ್ಬೇಕು. ಆಗ ನಮ್ಮ ವಾರ್ಡಿಗೆ ಕರ್ಕೊಂಡು ಹೋಗ್ತೀವಿ. ಕ್ಯಾಶುಯಲ್ಟಿಗಲ್ಲ,” ಎಂದಳು ನರ್ಸ್. “ಒಪ್ತೀರಾ, ದೊಡ್ಡ ಸಿಸ್ಟರ್?”

“ಇವಳು ಹೆದರಿದ್ರೆ ಹೋಗ್ತೀನಿ,” ಎಂದರು ಅವರು. “ಅದನ್ನೂ ಬರಿ. ಇವಳ ಕೈಲಿ ಆಗಲ್ಲ ಅನ್ನಿಸಿದ್ರೆ, ನಾನು ಏನೇ ಅನ್ನಲಿ, ಹೋಗ್ತೀನಿ.”

ನರ್ಸ್ ಅದನ್ನೂ ಬರೆದು ಪೆನ್ನನ್ನು ಮಗಳಿಗೆ ಕೊಟ್ಟಳು. ಮಗಳು ಹಾಳೆಯನ್ನು ಮಂಚದ ಅಂಚಿನ ಮೇಲಿಟ್ಟುಕೊಂಡು, ಅಮ್ಮ ಕೊಟ್ಟ ಆ ಮಾತಿನ ಕೆಳಗೆ ನಿಧಾನವಾಗಿ ಬರೆದಳು: ‘ಮನೆಯಲ್ಲೇ ಇರಲಿ. ನಾನು ಇರುತ್ತೇನೆ.’ ಬರೆದು ಓದಿದಳು. ‘ಹೆದರಿಕೆ ಆಗುತ್ತದೆ, ಆದರೂ ಇರುತ್ತೇನೆ’ ಎಂದು ತಿದ್ದಿದಳು. ಸಾಲು ಅಂಚು ದಾಟಿತು.

ಎರಡು ಗಂಟೆಗೆ ಯಜಮಾನರು ಮಾತ್ರೆಯನ್ನು ಎರಡು ಹೋಳು ಮಾಡಿ ಒಂದನ್ನು ಹೆಂಡತಿಯ ಅಂಗೈಯಲ್ಲಿಟ್ಟರು. ದೊಡ್ಡ ಸಿಸ್ಟರ್ ಅದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರು. ಮಗಳು ನೀರಿನ ಲೋಟ ಹಿಡಿದು ನಿಂತಿದ್ದಳು. ಅವರು ನುಂಗಿದರು.